ವಾಟ್ಸಾಪ್ ಗ್ರೂಪಿನ ಚರ್ಚೆಯಿಂದ ಸಂಘದ ನಡಾವಳಿ ಬರೆಯುವುದು ಹೇಗೆ

ಅಪಾರ್ಟ್‌ಮೆಂಟ್ ಸಂಘ ಇರಲಿ, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ ಇರಲಿ, ಈಗ ಮುಕ್ಕಾಲು ಭಾಗ ಮಾತುಕತೆ ನಡೆಯುವುದು ವಾಟ್ಸಾಪ್‌ನಲ್ಲೇ. ಎರಡು ರಾತ್ರಿಯಲ್ಲಿ ಮುನ್ನೂರು ಮೆಸೇಜ್ ಬೀಳುತ್ತದೆ, ಕೊನೆಗೆ ಯಾರೋ 'ಸರಿ ಹಾಗಾದ್ರೆ ಫೈನಲ್' ಅನ್ನುತ್ತಾರೆ, ಹತ್ತು ಥಂಬ್ಸ್ ಅಪ್ ಬರುತ್ತದೆ, ಕೆಲಸ ಶುರುವಾಗುತ್ತದೆ. ಲೆಕ್ಕಪರಿಶೋಧಕರು ಬಂದು 'ಈ ಖರ್ಚಿಗೆ ಠರಾವು ಎಲ್ಲಿ?' ಅಂತ ಕೇಳಿದಾಗ, ಅಥವಾ ಬ್ಯಾಂಕಿನವರು ಸಹಿ ಬದಲಾಯಿಸಲು ನಡಾವಳಿಯ ಪ್ರತಿ ತನ್ನಿ ಅಂದಾಗ ತೊಂದರೆ ಗೊತ್ತಾಗುತ್ತದೆ. ಸ್ಕ್ರೀನ್‌ಶಾಟ್ ತೋರಿಸಿದರೆ ಅವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಈ ಕೆಲಸ ಸಾಮಾನ್ಯವಾಗಿ ಕಾರ್ಯದರ್ಶಿಯ ತಲೆಗೆ ಬರುತ್ತದೆ. ಹೆಚ್ಚಿನವರು ಚರ್ಚೆಯನ್ನು ಚಿಕ್ಕದು ಮಾಡಿ ಬರೆಯಲು ಹೊರಡುತ್ತಾರೆ: ಇವರು ಹೀಗೆ ಅಂದರು, ಅವರು ಹಾಗೆ ಅಂದರು, ಕೊನೆಗೆ ಎಲ್ಲರೂ ಒಪ್ಪಿದರು. ಅದು ವರದಿ ಆಯಿತು, ನಡಾವಳಿ ಆಗಲಿಲ್ಲ. ನಡಾವಳಿಯಲ್ಲಿ ಬೇಕಾಗಿರುವುದು ಏನು ತೀರ್ಮಾನವಾಯಿತು, ತೀರ್ಮಾನ ಮಾಡುವ ಅಧಿಕಾರ ಇರುವವರು ಅದನ್ನು ಯಾವಾಗ ಮಾಡಿದರು, ಇಷ್ಟೇ. ಹಾಗೆ ನೋಡಿದರೆ ಮುನ್ನೂರು ಮೆಸೇಜಿನಲ್ಲಿ ಎಷ್ಟೋ ಸಲ ಒಂದೂ ತೀರ್ಮಾನ ಇರುವುದಿಲ್ಲ. ಅದನ್ನು ಒಪ್ಪಿಕೊಂಡೇ ಕೆಲಸ ಶುರು ಮಾಡಬೇಕು.

ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ. ಬೆಂಗಳೂರಿನ 36 ಮನೆಗಳ ಒಂದು ಅಪಾರ್ಟ್‌ಮೆಂಟ್ ಅಂತ ಇಟ್ಟುಕೊಳ್ಳಿ. ಏಳು ಜನರ ಸಮಿತಿ, ನಾಲ್ಕು ಜನ ಇದ್ದರೆ ಕೋರಂ. ತುರ್ತು ರಿಪೇರಿಗೆ ಸಮಿತಿಯೇ 50,000 ರೂಪಾಯಿವರೆಗೆ ಖರ್ಚು ಮಾಡಬಹುದು, ಅದಕ್ಕಿಂತ ಜಾಸ್ತಿಯಾದರೆ ಸರ್ವಸದಸ್ಯರ ಸಭೆಗೆ ಹೋಗಬೇಕು ಅಂತ ಬೈಲಾದಲ್ಲಿದೆ. ಜೂನ್ 11ರ ರಾತ್ರಿ ಬೋರ್‌ವೆಲ್ ಮೋಟರ್ ಸುಟ್ಟುಹೋಗುತ್ತದೆ.

ಮೊದಲು ಬೈಲಾ, ಆಮೇಲೆ ಚಾಟ್

ಚಾಟ್ ಓದುವುದಕ್ಕೆ ಮುಂಚೆ ಬೈಲಾ ತೆಗೆಯಿರಿ. ಕರ್ನಾಟಕದಲ್ಲಿ ಇಂಥ ಸಂಘಗಳು ಹೆಚ್ಚಾಗಿ 1960ರ ಸಂಘಗಳ ನೋಂದಣಿ ಅಧಿನಿಯಮದ ಕೆಳಗೆ ನೋಂದಣಿಯಾಗಿರುತ್ತವೆ, ಇಲ್ಲವೇ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮದ ಕೆಳಗೆ ಬರುತ್ತವೆ. ಯಾವುದೇ ಇರಲಿ, ನಿಮ್ಮ ಸಂಘದಲ್ಲಿ ಯಾರು ಏನನ್ನು ತೀರ್ಮಾನಿಸಬಹುದು ಅನ್ನುವುದು ನಿಮ್ಮ ಬೈಲಾದಲ್ಲೇ ಇರುತ್ತದೆ. ಅದರಲ್ಲಿ ಮೂರು ವಿಷಯ ಹುಡುಕಿ. ಸಮಿತಿ ಎಷ್ಟು ಖರ್ಚು ಮಾಡಬಹುದು? ಕೋರಂ ಎಷ್ಟು? ಸಭೆ ಸೇರದೆ, ಬರೀ ಪತ್ರ ಅಥವಾ ಇಮೇಲ್ ಸುತ್ತಿಸಿ ಠರಾವು ಮಾಡಲು ಅವಕಾಶ ಇದೆಯಾ?

ಮೂರನೆಯದರಲ್ಲೇ ಜಾಸ್ತಿ ಎಡವುವುದು. ಸಮಿತಿಯಲ್ಲಿ ಕಂಪನಿಗಳಲ್ಲಿ ದುಡಿದವರು ಒಬ್ಬರಾದರೂ ಇರುತ್ತಾರೆ, 'ನಮ್ಮ ಆಫೀಸಿನಲ್ಲಿ ಸರ್ಕ್ಯುಲರ್ ರೆಸಲ್ಯೂಷನ್ ಮಾಡ್ತಿದ್ವಿ, ಇಲ್ಲೂ ಮಾಡೋಣ' ಅನ್ನುತ್ತಾರೆ. ಆ ಅವಕಾಶ ಇರುವುದು 2013ರ ಕಂಪನಿ ಕಾಯ್ದೆಯ 175ನೇ ಸೆಕ್ಷನ್‌ನಲ್ಲಿ, ಅದೂ ಕಂಪನಿಯ ನಿರ್ದೇಶಕರ ಮಂಡಳಿಗೆ. ನಿಮ್ಮ ಸಂಘಕ್ಕೆ ಅದು ತಾನಾಗಿಯೇ ಬರುವುದಿಲ್ಲ. ನಿಮ್ಮ ಬೈಲಾದಲ್ಲಿ ಬರೆದಿದ್ದರೆ ಸರಿ, ಅದರಲ್ಲಿ ಹೇಳಿದ ಹಾಗೆ ಮಾಡಿ. ಬರೆದಿಲ್ಲದಿದ್ದರೆ ವಾಟ್ಸಾಪ್‌ನಲ್ಲಿ ಏಳಕ್ಕೆ ಏಳೂ ಜನ 'ಒಪ್ಪಿಗೆ' ಅಂದರೂ ಅದು ಅಭಿಪ್ರಾಯವೇ. ತೀರ್ಮಾನ ಆಗಬೇಕಾದರೆ ಸಮಿತಿ ಸೇರಲೇಬೇಕು. ಇಪ್ಪತ್ತು ನಿಮಿಷ ಪಾರ್ಕಿಂಗ್‌ನಲ್ಲಿ ಕುರ್ಚಿ ಹಾಕಿಕೊಂಡು ಕೂತರೂ ಸಾಕು, ಆದರೆ ಬೈಲಾದಲ್ಲಿ ಹೇಳಿದ ಹಾಗೆ ಎಲ್ಲ ಸಮಿತಿ ಸದಸ್ಯರಿಗೂ ತಿಳಿಸಿ ಸೇರಬೇಕು.

ಚಾಟ್ ಹೊರಗೆ ತೆಗೆಯುವುದು

ಆಂಡ್ರಾಯ್ಡ್ ಫೋನಿನಲ್ಲಿ ಗ್ರೂಪ್ ತೆರೆದು, ಮೇಲಿನ ಮೂರು ಚುಕ್ಕೆ ಒತ್ತಿ, More, ಆಮೇಲೆ Export chat. ಐಫೋನ್‌ನಲ್ಲಿ ಗ್ರೂಪಿನ ಹೆಸರು ಒತ್ತಿ ಕೆಳಗೆ ಹೋದರೆ ಅದೇ Export chat ಸಿಗುತ್ತದೆ. ಮೀಡಿಯಾ ಬೇಡ ಅನ್ನುವ ಆಯ್ಕೆ ಸಾಕು, ಒಂದು ಟೆಕ್ಸ್ಟ್ ಫೈಲ್ ಬರುತ್ತದೆ. ಗ್ರೂಪಿನ ಹಳೆಯ ಮೆಸೇಜುಗಳೂ ಅದರಲ್ಲಿ ಬರುತ್ತವೆ, ನಿಮಗೆ ಬೇಕಾದ ಎರಡು ಮೂರು ದಿನದ ಭಾಗ ಬೇರೆ ಮಾಡಿಕೊಳ್ಳಿ.

ಇದನ್ನು ಚರ್ಚೆ ಮುಗಿದ ದಿನವೇ ಮಾಡಿ. ತಡ ಮಾಡಿದರೆ ಕಷ್ಟ. ಒಬ್ಬರು ತಾವು ಹಾಕಿದ ಮೆಸೇಜನ್ನು ಎರಡು ದಿನದ ತನಕ ಎಲ್ಲರ ಫೋನಿನಿಂದಲೂ ಅಳಿಸಬಹುದು, ಆಮೇಲೆ ಫೈಲಿನಲ್ಲಿ This message was deleted ಅಂತ ಮಾತ್ರ ಇರುತ್ತದೆ. ಗ್ರೂಪಿನಲ್ಲಿ ತಾನಾಗಿ ಅಳಿಯುವ ಮೆಸೇಜಿನ ಸೆಟ್ಟಿಂಗ್ ಹಾಕಿದ್ದರಂತೂ 24 ಗಂಟೆಗೋ ಏಳು ದಿನಕ್ಕೋ ಎಲ್ಲ ಮಾಯ.

ಇನ್ನೊಂದು ಮುಖ್ಯ ವಿಷಯ: ಈ ಫೈಲಿನಲ್ಲಿ ಎಲ್ಲವೂ ಬರುವುದಿಲ್ಲ. ಥಂಬ್ಸ್ ಅಪ್ ಥರದ ರಿಯಾಕ್ಷನ್‌ಗಳು ಬರುವುದಿಲ್ಲ. ಪೋಲ್‌ನಲ್ಲಿ ಯಾರು ಯಾವುದಕ್ಕೆ ಒತ್ತಿದರು ಅನ್ನುವ ಹೆಸರುಗಳು ಬರುವುದಿಲ್ಲ. ಯಾರು ಯಾವ ಮೆಸೇಜಿಗೆ ಉತ್ತರ ಕೊಟ್ಟರು ಅನ್ನುವುದೂ ಬರುವುದಿಲ್ಲ. ನಮ್ಮ ಉದಾಹರಣೆಯ ಮೊದಲ ರಾತ್ರಿಯ ತುಣುಕು ನೋಡಿ:

```
11/06/25, 9:42 pm - ಕಾರ್ಯದರ್ಶಿ 302: ಬೋರ್ ಮೋಟರ್ ಸುಟ್ಟಿದೆ. ರಿವೈಂಡಿಂಗ್ 11 ಸಾವಿರ, ಹೊಸದಾದ್ರೆ 46 ಸಾವಿರ ಅಂತಿದಾರೆ
11/06/25, 9:42 pm - ಕಾರ್ಯದರ್ಶಿ 302: <Media omitted>
11/06/25, 9:47 pm - ಸುಧಾ ಆಂಟಿ: ಹೊಸದೇ ಹಾಕಿಸಿ. ಪ್ರತಿ ಸಲ ಇದೇ ಗೋಳು
11/06/25, 10:05 pm - ಖಜಾಂಚಿ 201: ಎತ್ತಿ ಇಳಿಸೋ ಕೂಲಿ 7 ಸಾವಿರ ಬೇರೆ ಇದೆ ಅಲ್ವಾ?
11/06/25, 10:06 pm - ಕಾರ್ಯದರ್ಶಿ 302: ಹೌದು
11/06/25, 10:12 pm - 402: ನಾಳೆಯಿಂದ ದಿನಕ್ಕೆ ಎರಡು ಟ್ಯಾಂಕರ್ ತರಿಸಿ
11/06/25, 10:15 pm - 203 ಬಾಡಿಗೆ: ಮನೆಗೆ ಸಾವಿರ ಹಾಕಿ ಹೊಸ ಮೋಟರೇ ತಗೊಳ್ಳೋಣ
11/06/25, 10:20 pm - ಅಧ್ಯಕ್ಷರು: ಸರಿ, ಹಾಗೇ ಮಾಡೋಣ
```

ಇದನ್ನು ಓದಿದರೆ ಅಧ್ಯಕ್ಷರು ಮನೆಗೆ ಸಾವಿರ ರೂಪಾಯಿ ವಸೂಲಿಗೆ ಒಪ್ಪಿದ ಹಾಗೆ ಕಾಣುತ್ತದೆ. ಫೋನಿನಲ್ಲಿ ನೋಡಿದರೆ ಅವರು ಉತ್ತರ ಕೊಟ್ಟಿದ್ದು 402ರವರ ಟ್ಯಾಂಕರ್ ಮೆಸೇಜಿಗೆ. ಫೈಲಿನಲ್ಲಿ ಆ ಜೋಡಣೆ ಕಳೆದುಹೋಗಿದೆ. ಹಾಗಾಗಿ 'ಸರಿ', 'ಓಕೆ', 'ಹೌದು', 'ಹಾಗೇ ಮಾಡಿ' ಅನ್ನುವ ಪ್ರತಿ ಮೆಸೇಜನ್ನೂ ಫೋನಿನಲ್ಲಿ ಒಂದು ಸಲ ತೆರೆದು, ಯಾವುದಕ್ಕೆ ಹೇಳಿದ್ದು ಅಂತ ಪಕ್ಕದಲ್ಲಿ ಬರೆದುಕೊಳ್ಳಿ. ಬೇಜಾರಿನ ಕೆಲಸ, ಆದರೆ ಬಿಡುವ ಹಾಗಿಲ್ಲ.

ಹೆಸರುಗಳ ಕಡೆಗೂ ಗಮನ ಇರಲಿ. ಯಾರ ಫೋನಿನಿಂದ ತೆಗೆದಿರೋ ಅವರು ಸೇವ್ ಮಾಡಿಕೊಂಡ ಹೆಸರೇ ಫೈಲಿನಲ್ಲಿ ಬರುತ್ತದೆ. 'ಸುಧಾ ಆಂಟಿ' ಯಾವ ಮನೆಯವರು, ಮಾಲೀಕರಾ, ಅಂತ ಓದುವವರಿಗೆ ಗೊತ್ತಾಗುವುದಿಲ್ಲ. ಪ್ರತಿ ಹೆಸರಿನ ಮುಂದೆ ಮನೆ ನಂಬರ್, ಮಾಲೀಕರೋ ಬಾಡಿಗೆಯವರೋ, ಸಮಿತಿಯಲ್ಲಿದ್ದಾರೋ ಇಲ್ಲವೋ ಅಂತ ಒಂದು ಪಟ್ಟಿ ಮಾಡಿಟ್ಟುಕೊಳ್ಳಿ. ಇದು ಒಂದು ಸಲ ಮಾಡಿದರೆ ವರ್ಷವಿಡೀ ಬರುತ್ತದೆ.

ಸೋಸುವುದು

ಈಗ ಓದಲು ಕೂತುಕೊಳ್ಳಿ. ಮೇಲಿನಿಂದ ಕೆಳಗೆ ಓದಬೇಡಿ, ಕೊನೆಯಿಂದ ಹಿಂದಕ್ಕೆ ಓದಿ. ಚರ್ಚೆಯಲ್ಲಿ ಪ್ರಸ್ತಾವ ಮೂರು ನಾಲ್ಕು ಸಲ ಬದಲಾಗಿರುತ್ತದೆ, ನಿಮಗೆ ಬೇಕಾದದ್ದು ಕೊನೆಗೆ ನಿಂತ ರೂಪ. ಅದು ಸಿಕ್ಕಿದ ಮೇಲೆ ಅದಕ್ಕೆ ಆಧಾರವಾದ ಮೊತ್ತ, ದರಪಟ್ಟಿ, ಆಕ್ಷೇಪ ಮಾತ್ರ ಹಿಂದೆ ಹೋಗಿ ಹುಡುಕಿ. ಶುಭೋದಯ, ಫಾರ್ವರ್ಡ್, ಜಗಳ, 'ಪ್ರತಿ ಸಲ ಇದೇ ಗೋಳು', ಎಲ್ಲ ಬಿಡಿ.

ಉಳಿದ ಮೆಸೇಜ್‌ಗಳನ್ನು ಒಂದು ಹಾಳೆಯಲ್ಲಿ ಮೂರು ಭಾಗ ಮಾಡಿ. ಸಮಿತಿಯ ಕೈಯಲ್ಲಿ ಇರುವ ವಿಷಯ ಒಂದು ಕಡೆ. ಸರ್ವಸದಸ್ಯರ ಸಭೆಗೆ ಹೋಗಬೇಕಾದದ್ದು ಇನ್ನೊಂದು ಕಡೆ. ಮಾತು ಬಂತು, ಯಾವ ಕಡೆಗೂ ತೀರ್ಮಾನ ಆಗಲಿಲ್ಲ ಅನ್ನುವಂಥದ್ದು ಮೂರನೆಯದು. ಈ ಮೂರನೆಯ ಭಾಗ ನಡಾವಳಿಯಲ್ಲಿ ಒಂದು ಸಾಲಾಗಿಯಾದರೂ ಬರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಬರೆಯದೇ ಬಿಟ್ಟರೆ ಮೂರು ತಿಂಗಳಾದ ಮೇಲೆ 'ಅವತ್ತೇ ಒಪ್ಪಿದ್ವಲ್ಲ' ಅಂತ ಒಬ್ಬರು, 'ಯಾರು ಒಪ್ಪಿದ್ದು?' ಅಂತ ಇನ್ನೊಬ್ಬರು.

ನಮ್ಮ ಮೋಟರ್ ವಿಷಯಕ್ಕೆ ಬರೋಣ. ಗ್ರೂಪಿನಲ್ಲಿ ಎಲ್ಲರ ತಲೆಯಲ್ಲಿ ಉಳಿದದ್ದು 46 ಸಾವಿರ. ಅದು 50 ಸಾವಿರದ ಒಳಗೆ ಇದೆ, ಸಮಿತಿಯೇ ಮಾಡಬಹುದು ಅನ್ನಿಸುತ್ತದೆ. ಆದರೆ ಖಜಾಂಚಿ ರಾತ್ರಿ 10:05ಕ್ಕೆ ಕೇಳಿದ ಒಂದು ಪ್ರಶ್ನೆಯಲ್ಲಿ ಕೂಲಿ ಏಳು ಸಾವಿರ ಇದೆ. ಒಟ್ಟು 53,000. ಮಿತಿ ದಾಟಿತು. ಇಂಥ ಕಡೆ ಕೂಲಿಗೆ ಬೇರೆ ಬಿಲ್, ಮೋಟರ್‌ಗೆ ಬೇರೆ ಬಿಲ್ ಮಾಡಿ ಎರಡನ್ನೂ ಮಿತಿಯೊಳಗೆ ತೋರಿಸುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಕೇಳಬೇಡಿ. ಒಂದೇ ಕೆಲಸವನ್ನು ತುಂಡು ಮಾಡಿದ್ದು ಲೆಕ್ಕ ನೋಡುವವರಿಗೆ ಮೊದಲ ನೋಟಕ್ಕೇ ಗೊತ್ತಾಗುತ್ತದೆ.

ಪೋಲ್ ಮತ ಅಲ್ಲ

ಜೂನ್ 12ರ ಬೆಳಿಗ್ಗೆ ಗ್ರೂಪಿನಲ್ಲಿ ಪೋಲ್ ಹಾಕಿದರು. ಹೊಸ ಮೋಟರ್‌ಗೆ 19, ರಿವೈಂಡಿಂಗ್‌ಗೆ 6. ನೋಡಿದರೆ ಭಾರೀ ಬಹುಮತ. View votes ಒತ್ತಿ ಹೆಸರು ನೋಡಿದರೆ ಕಥೆ ಬೇರೆ. ಮೂರು ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಹೊಸದಕ್ಕೆ ಒತ್ತಿದ್ದಾರೆ, ಮನೆಗೆ ಒಂದೇ ಮತ ಅಂದರೆ ಅಲ್ಲಿ ಮೂರು ಕಡಿಮೆ. ಹೊಸದಕ್ಕೆ ಒತ್ತಿದವರಲ್ಲಿ ಇಬ್ಬರು, ರಿವೈಂಡಿಂಗ್‌ಗೆ ಒತ್ತಿದವರಲ್ಲಿ ಒಬ್ಬರು ಬಾಡಿಗೆಯವರು. ಈ ಸಂಘದಲ್ಲಿ ಮತ ಇರುವುದು ಮಾಲೀಕರಿಗೆ. ಇದೆಲ್ಲ ಕಳೆದರೆ 14 ಮನೆ ಹೊಸದಕ್ಕೆ, 5 ಮನೆ ರಿವೈಂಡಿಂಗ್‌ಗೆ. 36ರಲ್ಲಿ 17 ಮನೆಗಳ ಮಾಲೀಕರು ಏನೂ ಹೇಳಿಲ್ಲ.

ಪೋಲ್ ಎಣಿಸುವುದು ಫೋನುಗಳನ್ನು, ಮನೆಗಳನ್ನಲ್ಲ. ಜೊತೆಗೆ ಪೋಲ್ ತೆರೆದೇ ಇದ್ದರೆ ಒತ್ತಿದವರು ಆಮೇಲೆ ಬದಲಾಯಿಸಬಹುದು. ಆದ್ದರಿಂದ ಹೆಸರಿನ ಸಮೇತ ಸ್ಕ್ರೀನ್‌ಶಾಟ್ ತೆಗೆದು, ತೆಗೆದ ದಿನಾಂಕ ಮತ್ತು ಗಂಟೆ ಬರೆದಿಡಿ. ನಡಾವಳಿಯಲ್ಲಿ ಇದನ್ನು 'ಸದಸ್ಯರ ಅಭಿಪ್ರಾಯ ಕೇಳಲಾಯಿತು' ಅಂತ ಬರೆಯಿರಿ, 'ಬಹುಮತದಿಂದ ತೀರ್ಮಾನಿಸಲಾಯಿತು' ಅಂತ ಬರೆಯಬೇಡಿ. ಇನ್ನು ಸುಮ್ಮನಿದ್ದ 17 ಮನೆಗಳ ಮಾಲೀಕರು ಒಪ್ಪಿದ್ದಾರೆ ಅಂತ ಹಿಡಿಯುವುದಂತೂ ಬೇಡವೇ ಬೇಡ. 'ನಾಳೆ ಸಂಜೆಯೊಳಗೆ ಆಕ್ಷೇಪ ಬರದಿದ್ದರೆ ಒಪ್ಪಿದ ಹಾಗೆ' ಅಂತ ಗ್ರೂಪಿನಲ್ಲಿ ಹಾಕಿದ ಮಾತಿಗೆ, ಬೈಲಾದಲ್ಲಿ ಅಂಥ ನಿಯಮ ಇಲ್ಲದಿದ್ದರೆ, ಬೆಲೆ ಇಲ್ಲ.

ಬರೆಯುವುದು

ಜೂನ್ 13ರ ಸಂಜೆ ಸಮಿತಿ ಸೇರಿತು. ಐದು ಜನ ಬಂದರು, ಕೋರಂ ಇತ್ತು. ನೀರು ತಕ್ಷಣ ಬೇಕು, ಹೊಸ ಮೋಟರ್ ಸಮಿತಿಯ ಕೈಯಲ್ಲಿಲ್ಲ. ಹಾಗಾಗಿ ಈಗ ರಿವೈಂಡಿಂಗ್ ಮಾಡಿಸಿ, ಹೊಸದನ್ನು ಸರ್ವಸದಸ್ಯರ ಮುಂದೆ ಇಡುವುದು ಅಂತಾಯಿತು. ಅಷ್ಟರಲ್ಲಿ ಅಧ್ಯಕ್ಷರು 'ಸರಿ' ಅಂದಿದ್ದರಿಂದ 12ರಿಂದಲೇ ಟ್ಯಾಂಕರ್ ಬರುತ್ತಿತ್ತು, ಅದಕ್ಕೆ ಸಮಿತಿಯ ಒಪ್ಪಿಗೆ ಆಮೇಲೆ ಕೊಡಬೇಕಾಯಿತು. ಇದನ್ನು ಮುಚ್ಚಿಡದೆ ಇರುವ ಹಾಗೇ ಬರೆಯಬೇಕು. ನಡಾವಳಿ ಹೀಗೆ ಬರುತ್ತದೆ:

> ದಿನಾಂಕ 13-06-2025, ಸಂಜೆ 7 ಗಂಟೆಗೆ ಸಂಘದ ಆವರಣದಲ್ಲಿ ನಡೆದ ಕಾರ್ಯಕಾರಿ ಸಮಿತಿಯ ತುರ್ತು ಸಭೆಯ ನಡಾವಳಿ.
>
> ಹಾಜರಿದ್ದವರು: 5 (ಸಹಿ ಪಟ್ಟಿ ಲಗತ್ತಿಸಿದೆ). ಗೈರುಹಾಜರಿ: 2. ಕೋರಂ ಇತ್ತು. ಅಧ್ಯಕ್ಷರು ಸಭೆ ನಡೆಸಿದರು.
>
> ಹಿನ್ನೆಲೆ: 11-06-2025ರ ರಾತ್ರಿ ಬೋರ್‌ವೆಲ್ ಮೋಟರ್ ಕೆಟ್ಟಿತು. 11 ಮತ್ತು 12ರಂದು ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಸದಸ್ಯರ ಅಭಿಪ್ರಾಯ ಕೇಳಲಾಯಿತು. 14 ಮನೆಗಳ ಮಾಲೀಕರು ಹೊಸ ಮೋಟರ್, 5 ಮನೆಗಳ ಮಾಲೀಕರು ರಿವೈಂಡಿಂಗ್ ಆಗಲಿ ಎಂದರು. ಹೊಸ ಮೋಟರ್‌ಗೆ ಕೂಲಿ ಸೇರಿ ರೂ. 53,000 ಆಗುವುದರಿಂದ ಅದು ಸಮಿತಿಯ ಖರ್ಚಿನ ಮಿತಿಯನ್ನು ಮೀರುತ್ತದೆ.
>
> ಠರಾವು 1: ಮೋಟರ್ ರಿವೈಂಡಿಂಗ್‌ಗೆ ರೂ. 11,000, ಎತ್ತಿ ಇಳಿಸುವ ಕೂಲಿ ರೂ. 7,000, ಒಟ್ಟು ರೂ. 18,000 ಮೀರದಂತೆ ನಿರ್ವಹಣಾ ನಿಧಿಯಿಂದ ಖರ್ಚು ಮಾಡಲು ತೀರ್ಮಾನಿಸಲಾಯಿತು. ಕೆಲಸವನ್ನು ಕಾರ್ಯದರ್ಶಿ 15-06-2025ರೊಳಗೆ ಮುಗಿಸಿಕೊಡಬೇಕು. ಸೂಚನೆ: ಖಜಾಂಚಿ. ಅನುಮೋದನೆ: ಸಹ ಕಾರ್ಯದರ್ಶಿ. ಪರ 4, ವಿರೋಧ 1.
>
> ಠರಾವು 2: ಅಧ್ಯಕ್ಷರ ಸೂಚನೆಯಂತೆ 12 ಮತ್ತು 13ರಂದು ತರಿಸಿದ 4 ಟ್ಯಾಂಕರ್ ನೀರಿನ ಖರ್ಚು ರೂ. 4,800ನ್ನು ಸ್ಥಿರೀಕರಿಸಲಾಯಿತು. 14 ಮತ್ತು 15ರಂದು ದಿನಕ್ಕೆ 2 ಟ್ಯಾಂಕರ್, ಒಂದಕ್ಕೆ ರೂ. 1,200ರಂತೆ, ರೂ. 4,800 ಮೀರದಂತೆ ತರಿಸಲು ಒಪ್ಪಲಾಯಿತು. ಸೂಚನೆ: ಸಹ ಕಾರ್ಯದರ್ಶಿ. ಅನುಮೋದನೆ: ಖಜಾಂಚಿ. ಸರ್ವಾನುಮತ.
>
> ಠರಾವು 3: ಹೊಸ ಮೋಟರ್‌ಗೆ ಮೂರು ದರಪಟ್ಟಿ ತರಿಸಿ ಮುಂದಿನ ಸರ್ವಸದಸ್ಯರ ಸಭೆಯ ಮುಂದಿಡಲು ತೀರ್ಮಾನಿಸಲಾಯಿತು. ಹೊಣೆ: ಕಾರ್ಯದರ್ಶಿ, 30-06-2025ರೊಳಗೆ. ಸೂಚನೆ: ಖಜಾಂಚಿ. ಅನುಮೋದನೆ: ಸಹ ಕಾರ್ಯದರ್ಶಿ. ಸರ್ವಾನುಮತ.
>
> ತೀರ್ಮಾನವಾಗದ ವಿಷಯ: ಹೊಸ ಮೋಟರ್‌ಗೆ ಮನೆಗೆ ರೂ. 1,000 ಸಂಗ್ರಹಿಸುವ ಸಲಹೆ ಗ್ರೂಪಿನಲ್ಲಿ ಬಂದಿತ್ತು. ಈ ಬಗ್ಗೆ ಸಮಿತಿ ಯಾವ ತೀರ್ಮಾನವನ್ನೂ ತೆಗೆದುಕೊಂಡಿಲ್ಲ.

ಇದರಲ್ಲಿ ಯಾರ ಮಾತೂ ಇಲ್ಲ, ಯಾರ ಸಿಟ್ಟೂ ಇಲ್ಲ. ಪ್ರತಿ ಖರ್ಚಿನ ಠರಾವಿನಲ್ಲಿ ಏನು, ಎಷ್ಟು ಮೀರದಂತೆ, ಯಾವ ನಿಧಿಯಿಂದ ಅಥವಾ ಯಾವ ದಿನದವರೆಗೆ ಅನ್ನುವುದಿದೆ. ನಾನು ಬಹಳ ಕಡೆ ನೋಡಿರುವ ನಡಾವಳಿಗಳಲ್ಲಿ 'ಮೋಟರ್ ರಿಪೇರಿ ಮಾಡಿಸಲು ತೀರ್ಮಾನಿಸಲಾಯಿತು' ಅಂತ ನಿಲ್ಲಿಸಿರುತ್ತಾರೆ. ಮೊತ್ತ ಇಲ್ಲದ ಠರಾವು ಖಜಾಂಚಿಗೆ ಚೆಕ್ ಬರೆಯಲು ಸಾಲುವುದಿಲ್ಲ. ವಿರೋಧಿಸಿದ ಒಬ್ಬರು 'ನನ್ನ ಹೆಸರು, ಕಾರಣ ಬರೆಯಿರಿ' ಅಂದರೆ ಒಂದು ಸಾಲಿನಲ್ಲಿ ಬರೆಯಿರಿ. ಕೇಳದಿದ್ದರೆ ಸಂಖ್ಯೆ ಸಾಕು.

ದಿನಾಂಕದ ವಿಷಯದಲ್ಲಿ ಒಂದು ಮಾತು. ಸಭೆ 13ಕ್ಕೆ ಆಗಿದ್ದನ್ನು 11 ಅಂತ ಹಾಕಿ ಟ್ಯಾಂಕರ್ ಖರ್ಚನ್ನು 'ಸರಿ' ಮಾಡುವ ಆಸೆ ಬರುತ್ತದೆ. ಅದರ ಬದಲು ಸ್ಥಿರೀಕರಣ ಅಂತ ಮೇಲೆ ಬರೆದ ಹಾಗೆ ಬರೆಯಿರಿ. ಹಿಂದಿನ ದಿನಾಂಕ ಹಾಕಿದ ನಡಾವಳಿಯನ್ನು ಸುಳ್ಳು ಅಂತ ತೋರಿಸಲು ಯಾರ ಬಳಿಯಾದರೂ ಇರುವ ಅದೇ ವಾಟ್ಸಾಪ್ ಫೈಲ್ ಸಾಕು, ಗಂಟೆ ನಿಮಿಷ ಸಮೇತ ಎಲ್ಲ ಅದರಲ್ಲಿದೆ.

ತಿದ್ದುವುದು, ಸಹಿ, ಇಡುವುದು

ಕರಡನ್ನು ಮೊದಲು ಸಮಿತಿಯ ಗ್ರೂಪಿನಲ್ಲಿ ಮಾತ್ರ ಹಾಕಿ, ಎರಡು ದಿನ ಕೊಡಿ. ಹಾಕುವಾಗಲೇ ಹೇಳಿ: ಬರೆದದ್ದರಲ್ಲಿ ತಪ್ಪಿದ್ದರೆ ತಿಳಿಸಿ, ತೀರ್ಮಾನದ ಚರ್ಚೆ ಇಲ್ಲಿ ಬೇಡ. 'ಕೂಲಿ 7,000 ಅಲ್ಲ 7,500' ಅನ್ನುವುದಾದರೆ ದರಪಟ್ಟಿ ನೋಡಿ, ಸಭೆಯಲ್ಲಿ ಒಪ್ಪಿದ ಮೊತ್ತ ಯಾವುದೋ ಅದೇ ಇರಲಿ. 'ರಿವೈಂಡಿಂಗ್ ಬೇಡಿತ್ತು' ಅನ್ನುವುದು ತಿದ್ದುಪಡಿ ಅಲ್ಲ. ಆಮೇಲೆ ನಡಾವಳಿ ಪುಸ್ತಕಕ್ಕೆ ಇಳಿಸಿ ಅಧ್ಯಕ್ಷರು, ಕಾರ್ಯದರ್ಶಿ ಸಹಿ ಹಾಕಬೇಕು. ಪುಟಕ್ಕೆ ನಂಬರ್ ಇರಲಿ, ನಡುವೆ ಖಾಲಿ ಜಾಗ ಬಿಡಬೇಡಿ, ತಿದ್ದಿದ ಕಡೆ ಬಿಳಿ ಬಣ್ಣ ಹಚ್ಚದೆ ಒಂದು ಗೆರೆ ಎಳೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ. ಮುಂದಿನ ಸಭೆಯ ಮೊದಲ ವಿಷಯವಾಗಿ ಇದನ್ನು ಓದಿ ದೃಢೀಕರಿಸಿಕೊಳ್ಳಿ.

ಸಹಿ ಆದ ಮೇಲೆ ದೊಡ್ಡ ಗ್ರೂಪಿಗೆ ಠರಾವುಗಳನ್ನು ಒಂದೇ ಮೆಸೇಜಾಗಿ ಹಾಕಿ ಪಿನ್ ಮಾಡಿ, ಪಿನ್ ಮೂವತ್ತು ದಿನದ ತನಕ ಇರುತ್ತದೆ. ಹೊರತೆಗೆದ ಚಾಟ್ ಫೈಲನ್ನು ಮಾತ್ರ ಹಂಚಬೇಡಿ. ಅದರಲ್ಲಿ ಫೋನ್ ನಂಬರ್‌ಗಳಿರುತ್ತವೆ, ಯಾರ ಮೆಯಿಂಟೆನೆನ್ಸ್ ಬಾಕಿ ಅನ್ನುವ ಮಾತಿರುತ್ತದೆ, ಸಿಟ್ಟಿನಲ್ಲಿ ಆಡಿದ್ದೂ ಇರುತ್ತದೆ. ಅದು, ಪೋಲ್ ಸ್ಕ್ರೀನ್‌ಶಾಟ್, ದರಪಟ್ಟಿಗಳು, ಬಿಲ್‌ಗಳು ಒಂದೇ ಫೋಲ್ಡರ್‌ನಲ್ಲಿ ಠರಾವಿನ ದಿನಾಂಕದ ಹೆಸರಲ್ಲಿ ಕಾರ್ಯದರ್ಶಿಯ ಬಳಿ ಇರಲಿ. ಪದಾಧಿಕಾರಿಗಳು ಬದಲಾದಾಗ ನಡಾವಳಿ ಪುಸ್ತಕದ ಜೊತೆ ಇದನ್ನೂ ವಹಿಸಿಕೊಡಬೇಕು.

ಸಹಿ ಆದ ಮೇಲೆ ಲೆಕ್ಕ ಬದಲಾಗುವುದೂ ಉಂಟು. ಮೋಟರ್ ಬಿಚ್ಚಿ ನೋಡಿದರೆ ಬೇರಿಂಗ್ ಕೂಡ ಹೋಗಿದೆ, ಇನ್ನೂ 3,000 ಬೇಕು ಅಂತ ಅಂಗಡಿಯವರು ಹೇಳುತ್ತಾರೆ ಅನ್ನಿ. ಆಗ ಪುಸ್ತಕದ 18,000ವನ್ನು 21,000 ಅಂತ ತಿದ್ದಬೇಡಿ. ಸಮಿತಿ ಮತ್ತೆ ಸೇರಿ ಹೊಸ ಠರಾವು ಮಾಡಬೇಕು: '13-06-2025ರ ಠರಾವು 1ರಲ್ಲಿ ಒಪ್ಪಿದ ರೂ. 18,000ಕ್ಕೆ ಹೆಚ್ಚುವರಿಯಾಗಿ, ಬೇರಿಂಗ್ ಬದಲಾವಣೆಗೆ ರೂ. 3,000 ಮೀರದಂತೆ ಖರ್ಚು ಮಾಡಲು ತೀರ್ಮಾನಿಸಲಾಯಿತು.' ಹಳೆಯ ಪುಟದ ಅಂಚಿನಲ್ಲಿ ಹೊಸ ಠರಾವಿನ ದಿನಾಂಕ ಮತ್ತು ನಂಬರ್ ಬರೆದಿಟ್ಟರೆ ಬಿಲ್ ನೋಡುವವರಿಗೆ ಎರಡೂ ಒಟ್ಟಿಗೆ ಸಿಗುತ್ತವೆ.